ಎಲ್ಲಿ ಹುಡುಕಿದರೂ ಒಂದೇ ಹೆಸರು

ಹೋದ ವರ್ಷ ಜೂನ್ ತಿಂಗಳ ಎರಡನೆಯ ವಾರ. ಮಳೆ ಹಿಡಿದು ಮೂರು ದಿನವಾಗಿತ್ತು. ಕಾಸರಗೋಡು ಜಿಲ್ಲೆಯ ಪೆರ್ಲದ ಬದಿಯಲ್ಲಿ ನಮ್ಮ ಸ್ನೇಹಿತರೊಬ್ಬರ ಮನೆಯ ಜಗಲಿಯಲ್ಲಿ ನಾವು ಕುಳಿತಿದ್ದೆವು. ಸ್ನೇಹಿತರು ಕಸಿ ಕಟ್ಟುವುದರಲ್ಲಿ ಪಳಗಿದ ಕೈಯವರು. ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿಯನ್ನು ಕಟ್ಟಿ, ಸೊರಗು ರೋಗಕ್ಕೆ ಅಷ್ಟಾಗಿ ಬಗ್ಗದ ಗಿಡ ಮಾಡಿ ಮಾರುತ್ತಾರೆ. ನಾಲ್ಕಾರು ವರ್ಷಗಳಿಂದ ತಮ್ಮ ಕೆಲಸವನ್ನು ಫೋನಿನಲ್ಲಿ ಚಿತ್ರಿಸಿ ವೀಡಿಯೊ ಹಾಕುವ ಅಭ್ಯಾಸವನ್ನೂ ಇಟ್ಟುಕೊಂಡಿದ್ದಾರೆ.

ಅಷ್ಟರಲ್ಲಿ ಕೊಡೆ ಮಡಚುತ್ತ ಒಬ್ಬರು ಅಂಗಳಕ್ಕೆ ಬಂದರು. ಸುಳ್ಯದ ಕಡೆಯವರು, ಜತೆಗೆ ಬಾಡಿಗೆಯ ಪಿಕಪ್ ತಂದಿದ್ದರು. "ಐವತ್ತು ಗಿಡಕ್ಕೆ ಹಣ ಹಾಕಿದ್ದೆ ಅಣ್ಣಾ, ಮಳೆ ಬಂದ ಮೇಲೆ ಬರಲು ಹೇಳಿದ್ದಿರಲ್ಲ, ಅದಕ್ಕೆ ಬಂದೆ" ಎಂದರು. ನಮ್ಮ ಸ್ನೇಹಿತರು ಮುಖ ಮುಖ ನೋಡಿದರು. ಅವರಿಗೆ ಯಾವ ಹಣವೂ ಬಂದಿರಲಿಲ್ಲ. ಬಂದವರು ಫೋನು ತೆಗೆದು ತೋರಿಸಿದರು. ಗಿಡವೊಂದಕ್ಕೆ 60 ರೂಪಾಯಿಯಂತೆ 3,000 ರೂಪಾಯಿ ಹೋಗಿತ್ತು. ಹೋದದ್ದು ಮಾತ್ರ ಬೇರೆಯವರಿಗೆ. ಆ ಬೇರೆಯವರ ಖಾತೆಯಲ್ಲಿ ನಮ್ಮ ಸ್ನೇಹಿತರ ಭಾವಚಿತ್ರವಿತ್ತು, ಅವರ ತೋಟವಿತ್ತು, ಅವರದೇ ಸ್ವರದ ವೀಡಿಯೊ ಇತ್ತು. ಹಣ ಹಾಕಬೇಕಾದ ಫೋನ್ ನಂಬರೊಂದು ಮಾತ್ರ ಅವರದ್ದಲ್ಲ.

ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಸ್ನೇಹಿತರಿಗೆ ಮನಸ್ಸು ಬರಲಿಲ್ಲ. ಕೊನೆಗೆ 25 ಗಿಡಗಳನ್ನು ಹಣವಿಲ್ಲದೆ ಪಿಕಪ್ಪಿಗೆ ಏರಿಸಿದರು. ಪಿಕಪ್ ಹೋದ ಮೇಲೆ ಕಾಫಿ ಕುಡಿಯುತ್ತ ಅವರು ಕೇಳಿದ ಪ್ರಶ್ನೆ ಇದು: "ನಾನು ಎಲ್ಲಿಯೂ ಅಡಗಿ ಕೂತವನಲ್ಲ. ಮೂರು ಕಡೆ ವೀಡಿಯೊ ಹಾಕುತ್ತೇನೆ. ಹುಡುಕಿದವರಿಗೆ ನಾನು ಸಿಗದೆ ಕಳ್ಳ ಹೇಗೆ ಸಿಕ್ಕಿದ?"

ಆ ಪ್ರಶ್ನೆಯ ಉತ್ತರವನ್ನು ಅಂದು ಸಂಜೆಯೇ ನಾವಿಬ್ಬರೂ ಹುಡುಕಲು ತೊಡಗಿದೆವು. ತಿಳಿದುಬಂದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಗಡಿಯ ಈಚೆ ಇರುವ ನಮ್ಮವರಲ್ಲಿ ಗಿಡ, ಬೀಜ, ಜೇನು, ಬೆಲ್ಲ, ಕರು ಮೊದಲಾದುವನ್ನು ವೀಡಿಯೊದ ಮೂಲಕ ಮಾರುವವರು ಈಗ ಬೇಕಷ್ಟು ಮಂದಿ ಇದ್ದಾರಾದುದರಿಂದ ಇದು ಕೆಲವರಿಗಾದರೂ ಉಪಯೋಗಕ್ಕೆ ಬಂದೀತು. ಸ್ನೇಹಿತರ ನಿಜವಾದ ಹೆಸರುಗಳನ್ನು ನಾವು ಇಲ್ಲಿ ಕೊಟ್ಟಿಲ್ಲ. ಮುಂದೆ ಬರುವ ಹೆಸರುಗಳೆಲ್ಲ ಅವುಗಳನ್ನು ಹೋಲುವಂತೆ ನಾವು ಮಾಡಿಕೊಂಡ ಮಾದರಿಗಳು.

ಮೂರು ಕಡೆ ಮೂರು ಹೆಸರು

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವೀಡಿಯೊ ಹಾಕುವ ಪ್ರತಿಯೊಂದು ಕಡೆಯಲ್ಲಿಯೂ ನಮಗೆ ಎರಡು ಹೆಸರುಗಳಿರುತ್ತವೆ. ಒಂದು, ದೊಡ್ಡ ಅಕ್ಷರದಲ್ಲಿ ಮೇಲೆ ಕಾಣುವ ಹೆಸರು. ಇದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಒಂದೇ ಹೆಸರಿನ ಚಾನೆಲುಗಳು ನೂರಿದ್ದರೂ ಅಡ್ಡಿಯಿಲ್ಲ. ಎರಡನೆಯದು, @ ಗುರುತಿನ ಮುಂದೆ ಸಣ್ಣದಾಗಿ ಕಾಣುವ ಹೆಸರು. ಇದಕ್ಕೆ ಹ್ಯಾಂಡಲ್ ಅಥವಾ ಯೂಸರ್‌ನೇಮ್ ಎನ್ನುತ್ತಾರೆ. ಒಂದು ಕಂಪೆನಿಯ ಒಳಗೆ ಒಂದು ಹ್ಯಾಂಡಲ್ ಒಬ್ಬರಿಗೆ ಮಾತ್ರ. ಊರಿನಲ್ಲಿ ಸುಬ್ಬಣ್ಣಂದಿರು ಹಲವರಿರಬಹುದು, ಆದರೆ ಮನೆ ನಂಬರು ಬೇರೆ ಬೇರೆಯಷ್ಟೆ? ಹ್ಯಾಂಡಲ್ ಆ ಮನೆ ನಂಬರಿನ ಹಾಗೆ.

ನಮ್ಮ ಸ್ನೇಹಿತರ ಸ್ಥಿತಿ ಹೀಗಿತ್ತು. ಯೂಟ್ಯೂಬಿನಲ್ಲಿ ಚಾನೆಲಿನ ಹೆಸರು "ಕೃಷಿ ಕಸಿ". ಹ್ಯಾಂಡಲನ್ನು ಅವರು ಆರಿಸಿಯೇ ಇರಲಿಲ್ಲ. 2022ರ ಕೊನೆಗೆ ಯೂಟ್ಯೂಬಿನವರು ಹ್ಯಾಂಡಲ್ ಪದ್ಧತಿ ತಂದಾಗ, ಆರಿಸಿಕೊಳ್ಳದವರಿಗೆ ತಾವೇ ಒಂದನ್ನು ಕೊಟ್ಟರು. ಹಾಗೆ ಇವರಿಗೆ ಬಂದದ್ದು @krishikasi-mv7kd ಎಂಬಂತಹ, ಬಾಯಲ್ಲಿ ಹೇಳಲಾಗದ ಹೆಸರು. ಇನ್‌ಸ್ಟಾಗ್ರಾಮಿನ ಖಾತೆ ಮಾಡಿಕೊಟ್ಟದ್ದು ಅಳಿಯ, ಅಲ್ಲಿ krishi_kasi_perla. ಫೇಸ್‌ಬುಕ್ಕಿನಲ್ಲಿ ಮಗಳು ಪುಟ ತೆರೆದಾಗ "Hippali Pepper Plants" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅಲ್ಲಿ ಯೂಸರ್‌ನೇಮೇ ಇಲ್ಲ. ಭಾವಚಿತ್ರಗಳು ಮೂರೂ ಬೇರೆ. ಪರಿಚಯದ ಮಾತು ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಖಾಲಿ.

ಸುಳ್ಯದವರು ವೀಡಿಯೊ ನೋಡಿದ್ದು ವಾಟ್ಸಾಪಿನಲ್ಲಿ. ಯಾರೋ ಯಾರಿಗೋ ಕಳುಹಿಸಿದ ತುಣುಕು ಅದು. ಅದರ ಜತೆ ಲಿಂಕ್ ಇರಲಿಲ್ಲ. ತುಣುಕಿನ ಕೊನೆಯಲ್ಲಿ "ಕೃಷಿ ಕಸಿ ನೋಡಿರಿ" ಎಂಬ ಮಾತು ಕೇಳಿಸಿತ್ತು, ಅಷ್ಟೆ. ಅವರು ಯೂಟ್ಯೂಬಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ krushi kashi ಎಂದು ಬರೆದು ಹುಡುಕಿದರು. ಬಂದದ್ದು ಕಾಶಿ ವಿಶ್ವನಾಥನ ದರ್ಶನ! ಮತ್ತೆ ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿದಾಗ krishi.kasi.perla ಸಿಕ್ಕಿತು. ಇದರಲ್ಲಿ ಅಡಿಗೆರೆಯ ಬದಲು ಚುಕ್ಕೆ ಇದೆಯೆಂಬುದನ್ನು ಗಮನಿಸಬೇಕು. ಇನ್‌ಸ್ಟಾಗ್ರಾಮಿನ ಲೆಕ್ಕದಲ್ಲಿ ಚುಕ್ಕೆಯ ಹೆಸರು ಬೇರೆ, ಅಡಿಗೆರೆಯ ಹೆಸರು ಬೇರೆ. ಕಳ್ಳನು ಹೊಕ್ಕದ್ದು ಆ ಸಂದಿಯಲ್ಲಿ. ನೋಡುವವರಿಗೆ ಅದೇ ಸುಳ್ಳೆಂದು ತಿಳಿಯುವ ಬಗೆ ಇರಲಿಲ್ಲ. ಏಕೆಂದರೆ ನಮ್ಮ ಸ್ನೇಹಿತರ ನಿಜವಾದ ಮೂರು ಖಾತೆಗಳೇ ಒಂದನ್ನೊಂದು ಹೋಲುತ್ತಿರಲಿಲ್ಲ.

ಕಿವಿಗೆ ಬಿದ್ದ ಹೆಸರು ಬೆರಳಿಗೆ ಹೇಗೆ ಬರುತ್ತದೆ

ಹೆಸರು ಒಂದೇ ಇರಬೇಕೆಂಬುದು ಸುಲಭವಾಗಿ ತಿಳಿಯಿತು. ಆದರೆ ಯಾವ ಹೆಸರು? ಕಷ್ಟವಾದದ್ದು ಇಲ್ಲಿಯೇ. ನಮ್ಮ ಕನ್ನಡದಲ್ಲಿ ಹೇಳಿದಂತೆ ಬರೆಯುತ್ತೇವೆ. ಅಕ್ಷರ ತಪ್ಪಲು ಎಡೆ ಕಡಿಮೆ. ಹ್ಯಾಂಡಲನ್ನಾದರೋ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕುಗಳು ಯೂಸರ್‌ನೇಮಿನಲ್ಲಿ ಕನ್ನಡ ಅಕ್ಷರ ಹಿಡಿಯುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಕೂಡಲೆ ಒಂದು ಕನ್ನಡ ಶಬ್ದ ನಾಲ್ಕು ವೇಷ ಹಾಕುತ್ತದೆ.

"ಕೃಷಿ" ಎಂಬುದನ್ನೇ ತೆಗೆದುಕೊಳ್ಳಿರಿ. ಕಾಸರಗೋಡಿನ ನಾವು krishi ಎಂದು ಬರೆಯುತ್ತೇವೆ. ಅಕ್ಕಲಕೋಟೆ, ಜತ್ತಿನ ಕಡೆ ಮರಾಠಿಯ ಬಳಕೆಯಿಂದ krushi ಎಂದು ಬರೆಯುವವರು ಹೆಚ್ಚು. ಆದೋನಿ, ರಾಯದುರ್ಗದ ಕಡೆ ತೆಲುಗಿನ ರೂಢಿಯಂತೆ ಅದೂ krushi. "ತೋಟ" ಎಂದರೆ ಒಬ್ಬರು tota, ಒಬ್ಬರು thota. ಮಲಯಾಳ, ತಮಿಳುಗಳ ನೆರೆಯಲ್ಲಿರುವವರ ಬೆರಳು "ತ"ಕಾರಕ್ಕೆ th ಕಡೆಗೇ ಹೋಗುತ್ತದೆ. "ಅಡಿಕೆ" ಎಂದರೆ adike, adke, adake ಮೂರೂ ಉಂಟು. "ಮೆಣಸು" ಎಂದು menasu ಬರೆದರೆ, ಓದುವವನು ಮನಸು ಎಂದು ಓದಿಯಾನು. ಕೊನೆಗೆ "ಕಾಸರಗೋಡು" ಕೂಡ Kasaragod, Kasargod ಎಂದು ಎರಡಾಗಿ ಒಡೆಯುತ್ತದೆ.

ಆದುದರಿಂದ ಸ್ನೇಹಿತರು ಒಂದು ಪರೀಕ್ಷೆ ಮಾಡಿದರು. ಅದು ಖರ್ಚಿಲ್ಲದ ಪರೀಕ್ಷೆ. ಯಾರು ಬೇಕಾದರೂ ಮಾಡಬಹುದು. ಮೂವರಿಗೆ ಫೋನು ಮಾಡಿದರು: ಮಂಗಳೂರಿನ ಭಾವನಿಗೆ, ಪೇಟೆಯ ಮಲಯಾಳಿ ಗೊಬ್ಬರದಂಗಡಿಯವರಿಗೆ, ಎಂಟನೆಯ ತರಗತಿಯಲ್ಲಿ ಓದುವ ನೆರೆಮನೆಯ ಹುಡುಗಿಗೆ. ಹೆಸರನ್ನು ಬಾಯಲ್ಲಿ ಒಮ್ಮೆ ಮಾತ್ರ ಹೇಳುವುದು, ಅಕ್ಷರ ಬಿಡಿಸಿ ಹೇಳಬಾರದು. ಅವರು ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದು ವಾಟ್ಸಾಪಿನಲ್ಲಿ ಕಳುಹಿಸಬೇಕು.

"ಕೃಷಿ ಕಸಿ" ಎಂದಾಗ ಮೂವರಿಂದ ಮೂರು ಬಗೆ ಬಂತು. "ಹಿಪ್ಪಲಿ ಕಸಿ" ಎಂದಾಗ ಎರಡು ಬಗೆ. ಭಾವನು hippli ಎಂದು ಒಂದು a ನುಂಗಿದ್ದ. ಹೀಗೆ ನಾಲ್ಕೈದು ಹೆಸರು ಬಿದ್ದುಹೋದ ಮೇಲೆ "ನಮ್ಮ ಬಳ್ಳಿ" ಎಂದು ಹೇಳಿದರು. ಮೂವರೂ nammaballi ಎಂದೇ ಬರೆದರು. ಇದಕ್ಕೆ ಕಾರಣ ಉಂಟು. ಬೆಂಗಳೂರಿನ ನಮ್ಮ ಮೆಟ್ರೋ ಮೊದಲಾದುವುಗಳ ಫಲಕಗಳಿಂದಾಗಿ namma ಎಂಬ ಬರಹ ಎಲ್ಲರ ಕಣ್ಣಿಗೂ ಬಿದ್ದು ಹೋಗಿದೆ. "ಬಳ್ಳಿ"ಯಲ್ಲಿ ಒತ್ತಕ್ಷರ ಗಟ್ಟಿಯಾಗಿ ಕೇಳುವುದರಿಂದ ಎರಡು l ತಾವಾಗಿ ಬರುತ್ತವೆ. ಹೆಸರು ಚಂದವಾಗಿದೆಯೇ ಇಲ್ಲವೇ ಎಂಬುದು ಆಮೇಲಿನ ಮಾತು. ಮೂರು ಬೆರಳಿನಲ್ಲಿ ಒಂದೇ ರೀತಿ ಬಂದರೆ ಅದು ಕೆಲಸಕ್ಕೆ ಬರುವ ಹೆಸರು.

ಇದೇ ಪರೀಕ್ಷೆಯನ್ನು ಹೊಸೂರು, ತಾಳವಾಡಿಯ ಓದುಗರು ಮಾಡುವುದಾದರೆ ಮೂವರಲ್ಲಿ ಒಬ್ಬರು ತಮಿಳರಿರಲಿ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಅಲ್ಲಿ ballಯು pall ಆದೀತು. ನಿಮ್ಮ ಗಿರಾಕಿಗಳು ಯಾವ ಭಾಷೆಯವರೋ ಆ ಭಾಷೆಯ ಒಂದು ಕಿವಿಯಾದರೂ ಪರೀಕ್ಷೆಯಲ್ಲಿ ಇರಬೇಕು.

ಎಲ್ಲ ಕಡೆಯೂ ಹಿಡಿಸುವ ಅಳತೆ

ಮುಂದೆ ಬಂದದ್ದು ಅಕ್ಷರಗಳ ಕಟ್ಟಳೆ. ಒಂದೊಂದು ಕಂಪೆನಿಗೆ ಒಂದೊಂದು ಕಟ್ಟಳೆ. ಯೂಟ್ಯೂಬಿನ ಹ್ಯಾಂಡಲಿನಲ್ಲಿ 3ರಿಂದ 30 ಅಕ್ಷರ. ಅಡಿಗೆರೆ, ಅಡ್ಡಗೆರೆ, ಚುಕ್ಕೆ ನಡೆಯುತ್ತವೆ. ಇನ್‌ಸ್ಟಾಗ್ರಾಮಿನಲ್ಲಿ 30ರ ವರೆಗೆ. ಅಡಿಗೆರೆ ಮತ್ತು ಚುಕ್ಕೆ ನಡೆಯುತ್ತವೆ, ಅಡ್ಡಗೆರೆ ನಡೆಯದು. ಫೇಸ್‌ಬುಕ್ಕಿನಲ್ಲಿ ಕಡಿಮೆಯೆಂದರೆ 5 ಅಕ್ಷರ ಬೇಕು. ಅಲ್ಲಿ ಅಡಿಗೆರೆಯೂ ಇಲ್ಲ, ಅಡ್ಡಗೆರೆಯೂ ಇಲ್ಲ. ಚುಕ್ಕೆ ಇಡಬಹುದಾದರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಕ್ಸ್ ಎಂಬಲ್ಲಿಗೆ ಮುಂದೆ ಹೋಗುವ ಯೋಚನೆಯಿದ್ದರೆ ಅಲ್ಲಿ 15 ಅಕ್ಷರಕ್ಕಿಂತ ಹೆಚ್ಚು ಸಲ್ಲದು.

ಇವನ್ನೆಲ್ಲ ನೆನಪಿಡುವ ಅಗತ್ಯವಿಲ್ಲ. ಎಲ್ಲದರ ನಡುವೆ ಉಳಿಯುವ ದಾರಿ ಒಂದೇ: ಇಂಗ್ಲಿಷಿನ ಸಣ್ಣ ಅಕ್ಷರಗಳು, ಬೇಕಾದರೆ ಅಂಕೆ, ಒಟ್ಟು 5ರಿಂದ 15ರ ಒಳಗೆ, ನಡುವೆ ಯಾವ ಗೆರೆಯೂ ಚುಕ್ಕೆಯೂ ಇಲ್ಲ. ಈ ಅಳತೆಯಲ್ಲಿದ್ದರೆ ಎಲ್ಲ ಕಡೆಯೂ ಒಂದೇ ರೂಪದಲ್ಲಿ ಹಿಡಿಸುತ್ತದೆ. ಗೆರೆ ಚುಕ್ಕೆ ಬಿಡುವುದರಿಂದ ಇನ್ನೊಂದು ಲಾಭವೂ ಇದೆ. ಬಾಯಲ್ಲಿ ಹೇಳುವಾಗ "ನಡುವೆ ಒಂದು ಅಡಿಗೆರೆ ಹಾಕಿರಿ" ಎಂದು ಯಾರಿಗೂ ವಿವರಿಸಬೇಕಾಗಿಲ್ಲ.

nammaballi ಹತ್ತು ಅಕ್ಷರ, ಅಳತೆಗೆ ಸರಿ. ಆದರೆ ಬಿಡುವಾಗಿದೆಯೇ? ಇದನ್ನು ನೋಡಲು youtube.com/@nammaballi, instagram.com/nammaballi, facebook.com/nammaballi ಎಂದು ಒಂದೊಂದಾಗಿ ಬರೆದು ತೆರೆಯಬೇಕು. ಯಾರದಾದರೂ ಪುಟ ಬಂದರೆ ಹೆಸರು ಹೋಗಿದೆ. ಪುಟ ಬಾರದಿದ್ದರೂ ಹಿಗ್ಗಬಾರದು. ಮುಚ್ಚಿಹೋದ ಖಾತೆಯ ಹೆಸರನ್ನು ಕಂಪೆನಿಯವರು ಬೇರೆಯವರಿಗೆ ಬಿಡದೆ ಇಟ್ಟಿರಬಹುದು. ಹೆಸರು ಬದಲಿಸುವ ಜಾಗದಲ್ಲಿ ಬರೆದು ನೋಡಿ, ಒಪ್ಪಿತೆಂದು ತೋರಿದಾಗ ಮಾತ್ರ ಖಾತ್ರಿ.

ಸ್ನೇಹಿತರಿಗೆ ಯೂಟ್ಯೂಬಿನಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಹೆಸರು ಬಿಡುವಿತ್ತು. ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಹಿಡಿದಿದ್ದರು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪನ್ನು ಅವರೂ ಮಾಡಹೊರಟಿದ್ದರು. "ಅಲ್ಲಿ ಒಂದು ಕಡೆ ಮಾತ್ರ ಕೊನೆಗೆ 1 ಸೇರಿಸಿದರೆ ಆಯಿತಲ್ಲ ಮಾರಾಯರೇ" ಎಂದರು. ಹಾಗೆ ಮಾಡಿದರೆ ಮತ್ತೆ ಎರಡು ಹೆಸರಾಯಿತು. ಅಷ್ಟೇ ಅಲ್ಲ, 1 ಇಲ್ಲದ ಹೆಸರಿಗೆ ಹೋದ ಗಿರಾಕಿ ಇನ್ನೊಬ್ಬರ ಮನೆ ಹೊಕ್ಕ. ಒಂದು ಕಡೆ ಸೇರಿಸುವುದನ್ನು ಎಲ್ಲ ಕಡೆಯೂ ಸೇರಿಸಬೇಕು. ಸೇರಿಸುವುದು ಅಂಕೆಯಾಗುವ ಬದಲು ಊರ ಹೆಸರಾದರೆ ಒಳ್ಳೆಯದು. "ಪೆರ್ಲ"ಕ್ಕೆ perla ಎಂಬ ಒಂದೇ ಬರಹ ರೂಢಿಯಲ್ಲಿದೆ. ಹೀಗಾಗಿ ಮೂರು ಕಡೆಯೂ nammaballiperla ಎಂದು ನಿಶ್ಚಯವಾಯಿತು. ಎಣಿಸಿದರೆ ಸರಿಯಾಗಿ 15 ಅಕ್ಷರ.

ಮೂರೂ ಕಡೆ ಬಿಡುವೆಂದು ನೋಡಿಕೊಂಡ ಮೇಲೆ ಒಂದೇ ಸಂಜೆಯಲ್ಲಿ ಮೂರನ್ನೂ ಬದಲಿಸಿದರು. ಇದರಲ್ಲಿ ಎಡೆ ಬಿಡಬಾರದು. ಒಂದು ಕಡೆ ಬದಲಿಸಿ, ಇನ್ನೊಂದನ್ನು ಬರುವ ವಾರಕ್ಕೆ ಇಟ್ಟರೆ, ಅಷ್ಟರಲ್ಲಿ ಹೊಸ ಹೆಸರನ್ನು ಕಂಡವನು ಅಲ್ಲಿ ಹೋಗಿ ಕುಳಿತಾನು. ಯೂಟ್ಯೂಬಿನಲ್ಲಿ ಚಾನೆಲಿನ ಪುಟ ತೆರೆದು ಪೆನ್ಸಿಲ್ ಗುರುತು ಒತ್ತಿದರೆ Handle ಎಂಬ ಸಾಲು ಕಾಣುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ Edit profile ಒಳಗೆ Username, ಫೇಸ್‌ಬುಕ್ಕಿನಲ್ಲಿ ಪುಟದ ಸೆಟ್ಟಿಂಗಿನ ಒಳಗೆ Username.

ಪರಿಚಯದ ಒಂದು ಸಾಲು

ಹ್ಯಾಂಡಲ್ ಒಂದಾದ ಮೇಲೆ ಮೇಲಿನ ದೊಡ್ಡ ಹೆಸರು. ಇದರಲ್ಲಿ ಕನ್ನಡ ಅಕ್ಷರ ಸಲ್ಲುತ್ತದೆ. ಕೆಲವರು ಕನ್ನಡದಲ್ಲಿ ಬರೆದು ಹುಡುಕುತ್ತಾರೆ, ಕೆಲವರು ಇಂಗ್ಲಿಷಿನಲ್ಲಿ. ಆದುದರಿಂದ ಎರಡನ್ನೂ ಸೇರಿಸಿ "ನಮ್ಮ ಬಳ್ಳಿ ಪೆರ್ಲ Namma Balli Perla" ಎಂದು ಎಲ್ಲ ಕಡೆಯೂ ಅಕ್ಷರಕ್ಕೆ ಅಕ್ಷರ ಒಂದೇ ರೀತಿ ಇಟ್ಟರು. ಭಾವಚಿತ್ರವೂ ಒಂದೇ: ಕಸಿ ಕಟ್ಟಿದ ಗಿಡವನ್ನು ಕೈಯಲ್ಲಿ ಹಿಡಿದು ನಿಂತದ್ದು.

ಬಳಿಕ ಪರಿಚಯದ ಮಾತು. ಯೂಟ್ಯೂಬಿನಲ್ಲಿ ಇದಕ್ಕೆ 1,000 ಅಕ್ಷರದಷ್ಟು ಜಾಗವಿದೆ. ಆದರೆ ಪುಟ ತೆರೆದ ಕೂಡಲೆ ಕಾಣುವುದು ಮೊದಲ ಸಾಲು ಮಾತ್ರ. ಇನ್‌ಸ್ಟಾಗ್ರಾಮಿನಲ್ಲಿ 150. ಫೇಸ್‌ಬುಕ್ ಪುಟದ ಕಿರುಪರಿಚಯದಲ್ಲಿ ಸುಮಾರು 100. ಎಲ್ಲ ಕಡೆಯೂ ಒಂದೇ ವಾಕ್ಯ ನಿಲ್ಲಬೇಕಾದರೆ ಅದು 100ರ ಒಳಗೆ ಇರಬೇಕು. ಇಲ್ಲಿ ಕನ್ನಡದವರು ಎಡವುವುದುಂಟು. ಯಂತ್ರವು ಕನ್ನಡದ ಗುಣಿತವನ್ನೂ ಒತ್ತನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. "ಹಿಪ್ಪಲಿ" ನಮ್ಮ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಏಳು. ಆದುದರಿಂದ ನೂರು ಎಂದರೆ ನಮ್ಮ ಲೆಕ್ಕದ ಐವತ್ತು ಅಕ್ಷರಗಳೆಂದು ಇಟ್ಟುಕೊಂಡರೆ ಸರಿಹೋಗುತ್ತದೆ. ನಾವಿಬ್ಬರೂ ಸೇರಿ ಬರೆದದ್ದು ಇದು:

```
ಹಿಪ್ಪಲಿ ಕಸಿ ಮೆಣಸು, ಪೆರ್ಲ, ಕಾಸರಗೋಡು. ಕಟ್ಟುವುದು, ನೆಡುವುದು, ಆರೈಕೆ. ಎಲ್ಲೆಡೆ ಹೆಸರು @nammaballiperla
```

ಏನು, ಎಲ್ಲಿ, ವೀಡಿಯೊದಲ್ಲಿ ಏನು ಸಿಗುತ್ತದೆ, ಬೇರೆ ಕಡೆ ಹೇಗೆ ಹುಡುಕಬೇಕು, ಇಷ್ಟೂ ಇದರಲ್ಲಿ ಬಂತು. "ಮೆಣಸು", "ಕಸಿ", "ಹಿಪ್ಪಲಿ" ಎಂಬ ಶಬ್ದಗಳು ಹ್ಯಾಂಡಲಿನಲ್ಲಿ ಇಲ್ಲದಿದ್ದರೂ ಇಲ್ಲಿರುವುದರಿಂದ, ಹೆಸರು ಮರೆತು ವಸ್ತುವನ್ನು ಹುಡುಕಿದವರ ಕಣ್ಣಿಗೂ ತಾವು ಬಂದದ್ದು ಸರಿಯಾದ ಮನೆಗೆ ಎಂದು ತಿಳಿಯುತ್ತದೆ. ಮಲಯಾಳದ ಗಿರಾಕಿಗಳಿಗಾಗಿ ಬೇರೆ ಮಾತು ಬರೆಯಬೇಕೆಂದಿದ್ದರೆ ಅದು ಯೂಟ್ಯೂಬಿನ ಉದ್ದದ ಪರಿಚಯದಲ್ಲಿ ಎರಡನೆಯ ಸಾಲಿನಿಂದ ಮುಂದೆ ಬರಲಿ. ಮೊದಲ ಸಾಲು ಕದಲಬಾರದು.

ನಿಜ ಯಾವುದು, ವೇಷ ಯಾವುದು

ಇಷ್ಟು ಮಾಡಿದ ಮಾತ್ರಕ್ಕೆ ಕಳ್ಳನ ಕೈ ಕಟ್ಟಿದಂತಾಯಿತೇ? ಇಲ್ಲ. nammaballi_perla ಎಂದೋ, l ಬದಲು 1 ಹಾಕಿ nammabal1iperla ಎಂದೋ ಅವನು ಮತ್ತೆ ಬರಬಹುದು. ಭಾವಚಿತ್ರ, ಪರಿಚಯದ ಸಾಲು ಎಲ್ಲವನ್ನೂ ನಕಲು ಮಾಡಬಹುದು. ಒಂದೇ ಹೆಸರು ಎಂಬುದು ಹುಡುಕಲು ಸುಲಭ ಮಾಡುತ್ತದೆಯೇ ಹೊರತು ಅದಷ್ಟೇ ಸಾಕ್ಷಿಯಲ್ಲ.

ಸಾಕ್ಷಿಯಾಗುವುದು ಒಂದು ಪುಟ ಇನ್ನೊಂದನ್ನು ತೋರಿಸುವುದರಿಂದ. ಯೂಟ್ಯೂಬಿನ ಪುಟದಲ್ಲಿ ಇನ್‌ಸ್ಟಾಗ್ರಾಮಿನ ಲಿಂಕ್ ಇರಬೇಕು, ಇನ್‌ಸ್ಟಾಗ್ರಾಮಿನ ಪುಟದಲ್ಲಿ ಯೂಟ್ಯೂಬಿನ ಲಿಂಕ್ ಇರಬೇಕು, ಫೇಸ್‌ಬುಕ್ಕೂ ಹಾಗೆಯೇ. ಲಿಂಕ್ ಹಾಕಲು ಮೂರು ಕಡೆಯೂ ಪ್ರತ್ಯೇಕ ಜಾಗವಿದೆ. ವೇಷದವನು ತನ್ನ ಪುಟದಿಂದ ನಿಜವಾದ ಯೂಟ್ಯೂಬಿಗೆ ಲಿಂಕ್ ಕೊಡಬಹುದು. ಆದರೆ ನಿಜವಾದ ಯೂಟ್ಯೂಬು ಅವನತ್ತ ಕೈತೋರಿಸುವುದಿಲ್ಲ. ಗಿರಾಕಿಗೆ ಹೇಳಬೇಕಾದ ಮಾತು ಇಷ್ಟೆ: "ಹಳೆಯ ವೀಡಿಯೊಗಳಿರುವ ಯೂಟ್ಯೂಬ್ ಪುಟದಿಂದ ಹೊರಟು ಅಲ್ಲಿನ ಲಿಂಕ್ ಒತ್ತಿ ಬಂದರೆ ಸಿಗುವುದೇ ನಮ್ಮ ಖಾತೆ. ಬೇರೆ ಬಾಗಿಲಿನಿಂದ ಬಂದರೆ ಹಣ ಹಾಕಬೇಡಿ." ಹಣದ ಫೋನ್ ನಂಬರನ್ನೂ ಮೂರು ಕಡೆ ಒಂದೇ ಇಟ್ಟಿದ್ದಾರೆ. ಚುಕ್ಕೆಯ ಖಾತೆಯ ಮೇಲೆ, ಇದು ನಮ್ಮ ವೇಷ ಹಾಕಿದ ಖಾತೆಯೆಂದು ಇನ್‌ಸ್ಟಾಗ್ರಾಮಿನ Report ಒತ್ತಿ ದೂರು ಕೊಟ್ಟರು. ಆಗ ತಮ್ಮದೇ ಹಳೆಯ ಯೂಟ್ಯೂಬ್ ವೀಡಿಯೊಗಳ ತಾರೀಕು ತೋರಿಸಲು ಒದಗಿತು.

ವಾಟ್ಸಾಪಿನ ತುಣುಕುಗಳ ಮಾತು ಉಳಿಯಿತು. ಅಲ್ಲಿ ಲಿಂಕೂ ಇಲ್ಲ, ಪುಟವೂ ಇಲ್ಲ. ಆದುದರಿಂದ ಈಗ ಪ್ರತಿ ವೀಡಿಯೊದ ಮೂಲೆಯಲ್ಲಿ @nammaballiperla ಎಂದು ಉದ್ದಕ್ಕೂ ಕಾಣುವಂತೆ ಬರೆಯುತ್ತಾರೆ. ಕೊನೆಯಲ್ಲಿ ಮಾತ್ರ ಬರೆದರೆ ಕತ್ತರಿಸಿ ಕಳುಹಿಸುವವರು ಮೊದಲು ಕತ್ತರಿಸುವುದು ಅದನ್ನೇ. ಹೆಸರನ್ನು ಒಮ್ಮೆ ಬಾಯಲ್ಲಿಯೂ ಹೇಳುತ್ತಾರೆ.

ಬದಲಿಸುವ ಕಾಲ ಮತ್ತು ಹಳೆಯ ಹೆಸರಿನ ಗತಿ

ಹೆಸರು ಬದಲಿಸುವುದಕ್ಕೂ ಒಂದು ಋತುವಿದೆ. ಯೂಟ್ಯೂಬಿನಲ್ಲಿ ಹ್ಯಾಂಡಲ್ ಬದಲಿಸಿದರೆ ಹಳೆಯದನ್ನು 14 ದಿನ ನಿಮಗಾಗಿ ಹಿಡಿದಿಡುತ್ತಾರೆ. ಅಷ್ಟು ದಿನ ಹಳೆಯ ಲಿಂಕೂ ಹೊಸ ಲಿಂಕೂ ಎರಡೂ ತೆರೆಯುತ್ತವೆ. ಅದಾದ ಮೇಲೆ ಹಳೆಯ ಲಿಂಕ್ ಸತ್ತಂತೆ. ಆ ಹೆಸರು ಇನ್ನೊಬ್ಬರ ಪಾಲಾಗಲೂಬಹುದು. 14 ದಿನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬದಲಿಸಲು ಬಿಡುವುದೂ ಇಲ್ಲ. ಮೇ ತಿಂಗಳಿನಲ್ಲಿ, ಗಿಡ ಕೇಳುವವರು ಹುಡುಕುತ್ತಿರುವಾಗ ಹೆಸರು ಬದಲಿಸಿದರೆ, ಹಳೆಯ ಲಿಂಕ್ ಹಿಡಿದು ಬಂದವರು ಖಾಲಿ ಗೋಡೆಗೆ ಮುಖ ಕೊಡುತ್ತಾರೆ. ನಮ್ಮ ಸ್ನೇಹಿತರು ಗಿಡ ಮಾರಾಟವೆಲ್ಲ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ ಬದಲಿಸಿದರು. ಮುಂದಿನ ಮಳೆಗಾಲಕ್ಕೆ ಎಂಟು ತಿಂಗಳ ಎಡೆ ಸಿಕ್ಕಿತು. ಆ 14 ದಿನಗಳಲ್ಲಿ ಹಳೆಯ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಹೊಸ ಹೆಸರನ್ನು ಮೂರು ಸಲ ಕಳುಹಿಸಿದರು.

ಗಿಡದ ತೊಟ್ಟೆಗೆ ಅಂಟಿಸುವ ಚೀಟಿಯಲ್ಲಿ ಕ್ಯೂಆರ್ ಗುರುತು ಅಚ್ಚು ಹಾಕಿಸುವವರಿಗೆ ಇನ್ನೊಂದು ಮಾತು. ಪ್ರತಿಯೊಂದು ಯೂಟ್ಯೂಬ್ ಚಾನೆಲಿಗೂ UC ಎಂದು ಮೊದಲಾಗುವ, ಎಂದಿಗೂ ಬದಲಾಗದ ಒಂದು ಗುರುತಿನ ಸಂಖ್ಯೆ ಇದೆ. youtube.com/account_advanced ಎಂದು ತೆರೆದರೆ ಅದು ಕಾಣುತ್ತದೆ. youtube.com/channel/ ಎಂಬುದರ ಮುಂದೆ ಆ ಸಂಖ್ಯೆ ಬರೆದು ಅದರ ಕ್ಯೂಆರ್ ಮಾಡಿಸಿದರೆ ಹ್ಯಾಂಡಲ್ ಎಷ್ಟು ಸಲ ಬದಲಾದರೂ ಚೀಟಿ ಕೆಡುವುದಿಲ್ಲ. ಕಣ್ಣಿಗೆ ಓದಲು ಹ್ಯಾಂಡಲ್, ಫೋನಿಗೆ ಓದಲು ಆ ಸಂಖ್ಯೆ.

ಇನ್ನು, ಇವತ್ತು ವೀಡಿಯೊ ಹಾಕದ ಕಡೆಯಲ್ಲಿಯೂ ಅದೇ ಹೆಸರನ್ನು ಹಿಡಿದಿಡಬೇಕೇ ಎಂಬ ಪ್ರಶ್ನೆ. 2020ರ ಜೂನ್ 29ರಂದು ಭಾರತ ಸರಕಾರವು ಟಿಕ್‌ಟಾಕ್ ಸೇರಿ 59 ಆ್ಯಪುಗಳನ್ನು ನಿಷೇಧಿಸಿದುದು ಓದುಗರಿಗೆ ನೆನಪಿರಬಹುದು. ಅದೇ ಜುಲೈಯಲ್ಲಿ ಮೋಜ್ ಬಂತು, ಇನ್‌ಸ್ಟಾಗ್ರಾಮಿನ ರೀಲ್ಸ್ ಇಲ್ಲಿಗೆ ಬಂತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಟಿಕ್‌ಟಾಕಿನಲ್ಲಿ ಹೆಸರು ಮಾಡಿದ್ದವರಿಗೆ ತಮ್ಮ ನೋಡುಗರಿಗೆ ತಿಳಿಸಿ ಹೋಗಲು ಹೆಚ್ಚು ಸಮಯ ಸಿಗಲಿಲ್ಲ. ನೋಡುಗರ ಕೈಯಲ್ಲಿ ಉಳಿದದ್ದು ಹೆಸರಿನ ನೆನಪು ಮಾತ್ರ. ಅದೇ ಹೆಸರು ಬೇರೆ ಕಡೆಯೂ ಇದ್ದವರನ್ನು ಆ ನೆನಪಿನಿಂದಲೇ ಹುಡುಕಬಹುದಿತ್ತು; ಉಳಿದವರದು ಮೊದಲಿನಿಂದ ಆರಂಭ. ಆದುದರಿಂದ ಒಂದೆರಡು ಕಡೆ ಹೆಸರು ಹಿಡಿದಿಡುವುದು ಲೇಸು. ಆದರೆ ಖಾಲಿ ಬಿಡಬಾರದು. ಬಹುಕಾಲ ಮುಟ್ಟದ ಖಾತೆಯ ಹೆಸರನ್ನು ಹಿಂದೆಗೆದುಕೊಳ್ಳುವ ಹಕ್ಕನ್ನು ಕಂಪೆನಿಗಳು ಇಟ್ಟುಕೊಂಡಿವೆ. ಒಂದು ವೀಡಿಯೊ, ಪರಿಚಯದ ಆ ಒಂದು ಸಾಲು, ಯೂಟ್ಯೂಬಿನ ಲಿಂಕ್, ಇಷ್ಟು ಇಟ್ಟು ಆಗಾಗ ತೆರೆದು ನೋಡುತ್ತಿರಬೇಕು.

ಬೇರೆಯವರ ಫೋನಿನಲ್ಲಿ ನೋಡಿರಿ

ಎಲ್ಲ ಮುಗಿದ ಮೇಲೆ ಸರಿಯಾಯಿತೇ ಎಂದು ನೋಡುವ ಕ್ರಮವನ್ನು ಹೇಳಿ ನಿಲ್ಲಿಸುತ್ತೇವೆ. ತಮ್ಮ ಫೋನಿನಲ್ಲಿಯೇ ಹುಡುಕಿ ನೋಡುವವರು ಮೋಸಹೋಗುತ್ತಾರೆ. ನಮ್ಮ ಫೋನು ನಮ್ಮನ್ನು ಬಲ್ಲದು. ನಾವು ಏನು ಬರೆದರೂ ನಮ್ಮ ಪುಟವನ್ನೇ ಮೊದಲು ತರುತ್ತದೆ. ನಿಮ್ಮ ವೀಡಿಯೊವನ್ನು ಒಮ್ಮೆಯೂ ನೋಡದ ಒಬ್ಬರ ಫೋನು ಬೇಕು. ಅದರಲ್ಲಿ ಹೆಸರನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಒಂದಕ್ಷರ ತಪ್ಪಾಗಿ, ಹೀಗೆ ಮೂರು ಬಗೆಯಲ್ಲಿ ಪ್ರತಿಯೊಂದು ಕಡೆಯೂ ಬರೆದು ನೋಡಬೇಕು. ಬದಲಿಸಿದ ಮರುದಿನವೇ ಬಾರದಿದ್ದರೆ ಗಾಬರಿ ಬೇಡ. ಕೆಲವು ದಿನ ಬಿಟ್ಟು ಮತ್ತೆ ನೋಡಿರಿ.

ಸ್ನೇಹಿತರು ಇದಕ್ಕಾಗಿ ಹಿಡಿದದ್ದು ಅದೇ ಗೊಬ್ಬರದಂಗಡಿಯವರ ಫೋನನ್ನು. ಯೂಟ್ಯೂಬಿನಲ್ಲಿ ಮೂರು ಬಗೆಗೂ ಬಂತು. ಇನ್‌ಸ್ಟಾಗ್ರಾಮಿನಲ್ಲಿ ಎರಡಕ್ಕೆ ಬಂತು. Nammabaliperla ಎಂದು ಒಂದು l ಬಿಟ್ಟಾಗ ಬರಲಿಲ್ಲ. "ಇರಲಿ, ನೂರಕ್ಕೆ ನೂರು ಯಾರಿಗೆ ಸಿಕ್ಕಿದೆ" ಎಂದರು.

ಈ ವರ್ಷ ಮೇ ಕೊನೆಗೆ ನಾವು ಮತ್ತೆ ಅಲ್ಲಿಗೆ ಹೋಗಿದ್ದಾಗ ಸುಳ್ಯದ ಅದೇ ಗಿರಾಕಿಯ ಫೋನು ಬಂತು. ಹೋದ ವರ್ಷದ 25 ಗಿಡಗಳಲ್ಲಿ 22 ಚಿಗುರಿವೆಯಂತೆ. ಇನ್ನು ಐವತ್ತು ಬೇಕಂತೆ. "ಈ ಸಲ ಯೂಟ್ಯೂಬಿನಲ್ಲಿಯೂ ನೋಡಿದೆ, ಇನ್‌ಸ್ಟಾಗ್ರಾಮಿನಲ್ಲಿಯೂ ನೋಡಿದೆ ಅಣ್ಣಾ. ಎರಡರಲ್ಲಿಯೂ ಒಂದೇ ಹೆಸರು, ಒಂದೇ ನಂಬರು. ಹಾಗಾದರೆ ಹಣ ಹಾಕಲೇ?" ಎಂದು ಕೇಳಿದರು.

"ಹಾಕುವುದು ಬೇಡ. ಮಳೆ ಬರಲಿ, ಗಿಡ ನೋಡಿ ಕೊಡಿ" ಎಂದರು ನಮ್ಮ ಸ್ನೇಹಿತರು.